ಇಬ್ಬರ ಮನೆಗೆ ಯಾವ ಕಾಫಿ? ‘ಡಿಕ್ಯಾಫ್’ ಎಂದರೇನು?

ಮಕ್ಕಳು ಓದು, ಉದ್ಯೋಗಗಳಿಗಾಗಿ ಊರು ಬಿಟ್ಟ ಮೇಲೆ ಅನೇಕ ಮನೆಗಳಲ್ಲಿ ಉಳಿಯುವವರು ಹಿರಿಯ ದಂಪತಿಗಳಿಬ್ಬರೇ. ಅಡುಗೆ ಕಡಿಮೆಯಾಗುತ್ತದೆ, ತರುವ ಹಾಲೂ ಕಡಿಮೆಯಾಗುತ್ತದೆ. ಕಾಫಿ ಮಾತ್ರ ಉಳಿಯುತ್ತದೆ. ಅಂಥದೊಂದು ಮನೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ಮನೆಯ ಯಜಮಾನರಿಗೆ ಅರವತ್ತೆಂಟು ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಸಿಹಿತಿಂಡಿಯನ್ನು ಮುಟ್ಟುವುದಿಲ್ಲ, ಮಾತ್ರೆಯನ್ನು ತಪ್ಪಿಸುವುದಿಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಇಳಿಯುತ್ತಿಲ್ಲ. ಮನೆಯಾಕೆಗೆ ರಾತ್ರಿ ಹನ್ನೆರಡಾದರೂ ನಿದ್ದೆ ಸುಳಿಯದು. ಇಬ್ಬರ ತೊಂದರೆಯೂ ಅಡುಗೆಮನೆಯ ಒಂದೇ ಕಪಾಟಿನಲ್ಲಿ, ‘ಕಾಫಿ’ ಎಂಬ ಒಂದೇ ಹೆಸರಿನ ಪೊಟ್ಟಣಗಳಲ್ಲಿ ಇರಬಹುದು ಎಂಬುದು ಅವರಿಗೆ ಹೊಳೆಯುವುದು ಕಷ್ಟ. ಏಕೆಂದರೆ ಆ ಹೆಸರಿನಡಿಯಲ್ಲಿ ಮಾರಾಟವಾಗುವ ಪದಾರ್ಥಗಳು ಒಂದೇ ಅಲ್ಲ.

ಮೊದಲು ‘ತ್ರೀ ಇನ್ ಒನ್’ ಪೊಟ್ಟಣವನ್ನು ತೆಗೆದುಕೊಳ್ಳೋಣ. ಬಿಸಿನೀರಿಗೆ ಸುರಿದು ಕಲಕಿದರೆ ಹಾಲು, ಸಕ್ಕರೆ, ಕಾಫಿ ಮೂರೂ ಸಿದ್ಧ. ರಜೆಗೆ ಬಂದ ಮಕ್ಕಳು ‘ಅಪ್ಪ ಅಮ್ಮನಿಗೆ ಸುಲಭವಾಗಲಿ’ ಎಂದು ತಂದಿಟ್ಟು ಹೋಗುವುದೂ ಇದನ್ನೇ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದರಲ್ಲಿರುವ ಪದಾರ್ಥಗಳ ಪಟ್ಟಿ ಇರುತ್ತದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆಯಿರುವುದನ್ನು ಆಮೇಲೆ ಬರೆಯಬೇಕೆಂಬುದು ಅಂಥ ಪಟ್ಟಿಯ ನಿಯಮ. ಈ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಸಕ್ಕರೆ, ಅನಂತರ ಹಾಲಿನಂತೆ ಕಾಣುವ ಬಿಳಿ ಪುಡಿ, ಕೊನೆಯಲ್ಲಿ ಕಾಫಿ. ಅಂದರೆ ಇದು ಕಾಫಿ ಬೆರೆಸಿದ ಸಕ್ಕರೆಯೇ ಹೊರತು ಸಕ್ಕರೆ ಬೆರೆಸಿದ ಕಾಫಿಯಲ್ಲ.

ಲೆಕ್ಕ ಹೀಗೆ. ಪೊಟ್ಟಣದ ತೂಕ 15 ಗ್ರಾಂ ಎಂದೂ, ನೂರು ಗ್ರಾಮಿನಲ್ಲಿ ಸಕ್ಕರೆ 50 ಗ್ರಾಂ ಎಂದೂ ನಮೂದಾಗಿದ್ದರೆ ಒಂದು ಲೋಟದಲ್ಲಿ ಏಳೂವರೆ ಗ್ರಾಂ, ಅಂದರೆ ಸುಮಾರು ಒಂದೂವರೆ ಚಮಚ ಸಕ್ಕರೆ ಇದೆ ಎಂದಾಯಿತು. ದಿನಕ್ಕೆ ಮೂರು ಲೋಟ ಕುಡಿದರೆ ನಾಲ್ಕೂವರೆ ಚಮಚ. ತಿಂಗಳಿಗೆ ಅದು ಮುಕ್ಕಾಲು ಕಿಲೋ ಸಮೀಪಿಸುತ್ತದೆ. ನಮ್ಮ ಯಜಮಾನರು ಒಂದು ಚಮಚ ಸಕ್ಕರೆಯನ್ನೂ ಕೈಯಾರೆ ಹಾಕಿಕೊಂಡಿಲ್ಲ. ಆದರೆ ಅಷ್ಟೂ ಹೊಟ್ಟೆ ಸೇರಿದೆ.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಆ ಬಿಳಿ ಪುಡಿ ಕೆಲವು ಪೊಟ್ಟಣಗಳಲ್ಲಿ ನಿಜವಾದ ಹಾಲಿನ ಪುಡಿಯಾಗಿರುತ್ತದೆ. ಹಲವು ಪೊಟ್ಟಣಗಳಲ್ಲಿ ಅದು ಗ್ಲೂಕೋಸ್ ಸಿರಪ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್, ಸಸ್ಯಜನ್ಯ ಎಣ್ಣೆ ಹಾಗೂ ಹಾಲಿನಿಂದ ತೆಗೆದ ಸ್ವಲ್ಪ ಪ್ರೋಟೀನು ಸೇರಿಸಿ ಮಾಡಿದ ‘ಕ್ರೀಮರ್’. ಮಾಲ್ಟೋಡೆಕ್ಸ್‌ಟ್ರಿನ್ ನಾಲಿಗೆಗೆ ಅಷ್ಟಾಗಿ ಸಿಹಿ ಎನಿಸದು. ಆದರೆ ರಕ್ತದಲ್ಲಿ ಬೇಗನೆ ಗ್ಲೂಕೋಸ್ ಆಗುತ್ತದೆ. ಆದ್ದರಿಂದ ‘ಸಕ್ಕರೆ ಸೇರಿಸಿಲ್ಲ’ ಎಂದು ಮುಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದರೂ, ಸಕ್ಕರೆ ಕಾಯಿಲೆಯವರು ಹಿಂಬದಿಯ ‘ಕಾರ್ಬೋಹೈಡ್ರೇಟ್’ ಎಂಬ ಸಾಲನ್ನು ಓದಬೇಕು. ಅಲ್ಲಿ ನೂರು ಗ್ರಾಮಿಗೆ 75 ಗ್ರಾಂ ಎಂದಿದ್ದರೆ 15 ಗ್ರಾಮಿನ ಪೊಟ್ಟಣದಲ್ಲಿ ಸುಮಾರು 11 ಗ್ರಾಂ ಪಿಷ್ಟ–ಸಕ್ಕರೆಗಳಿವೆ ಎಂದರ್ಥ. ಪ್ರಯಾಣದಲ್ಲಿ, ಹಾಲು ಸಿಗದ ಕಡೆ ಆರೋಗ್ಯವಂತರು ಎಂದಾದರೊಮ್ಮೆ ಬಳಸಲು ಇಂಥ ಪೊಟ್ಟಣ ಸಾಕು. ಮಧುಮೇಹಿಗಳ ನಿತ್ಯದ ಕಾಫಿ ಇದಾಗಬಾರದು.

ಎರಡನೆಯದು ಸೀಸೆಯಲ್ಲಿಯೋ ಪೊಟ್ಟಣದಲ್ಲಿಯೋ ಬರುವ ಬರೀ ಇನ್‌ಸ್ಟಂಟ್ ಕಾಫಿ. ಹುರಿದ ಕಾಫಿಬೀಜದಿಂದ ದೊಡ್ಡ ಪ್ರಮಾಣದಲ್ಲಿ ಕಷಾಯ ತೆಗೆದು, ಅದರ ನೀರನ್ನು ಆರಿಸಿ ಉಳಿಸಿಕೊಂಡ ಪುಡಿಯೇ ಇದು. ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವುದು ಒಂದು ಕ್ರಮ. ಹೆಪ್ಪುಗಟ್ಟಿಸಿ ಒಣಗಿಸುವುದು ಇನ್ನೊಂದು. ಎರಡನೆಯದರಲ್ಲಿ ಪರಿಮಳ ಹೆಚ್ಚು ಉಳಿಯುತ್ತದೆ, ಬೆಲೆಯೂ ಹೆಚ್ಚು. ಇದರಲ್ಲಿ ಸಕ್ಕರೆ ಬೆರೆತಿಲ್ಲವಾದ್ದರಿಂದ ಹಾಲನ್ನೂ ಸಿಹಿಯನ್ನೂ ಎಷ್ಟು ಹಾಕಬೇಕೆಂಬುದು ನಮ್ಮ ಕೈಯಲ್ಲೇ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಚಿಕೋರಿ. ಅದು ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ಬಣ್ಣ ಗಾಢವಾಗುತ್ತದೆ, ಕಷಾಯ ಮಂದವಾಗುತ್ತದೆ, ಬೆಲೆ ಇಳಿಯುತ್ತದೆ. ಚಿಕೋರಿ ವಿಷವೂ ಅಲ್ಲ, ಕಲಬೆರಕೆಯೂ ಅಲ್ಲ. ಆದರೆ ಬೆರೆಸಿದ್ದನ್ನು ಪೊಟ್ಟಣದ ಮೇಲೆ ಹೇಳಬೇಕು, ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆಯಾಗಬಾರದು ಎಂಬುದು ನಮ್ಮ ದೇಶದ ಆಹಾರ ನಿಯಮ. ‘ಕಾಫಿ 53, ಚಿಕೋರಿ 47’ ಎಂದು ಬರೆದ ನೂರು ಗ್ರಾಮಿನ ಪೊಟ್ಟಣದಲ್ಲಿ ನಮಗೆ ಸಿಗುವ ಕಾಫಿ 53 ಗ್ರಾಂ ಮಾತ್ರ. ಎರಡು ಪೊಟ್ಟಣಗಳ ಬೆಲೆಯನ್ನು ಹೋಲಿಸುವಾಗ ಒಟ್ಟು ತೂಕಕ್ಕಲ್ಲ, ಈ ಕಾಫಿಯ ಪಾಲಿಗೆ ಭಾಗಿಸಿ ನೋಡಿದರೆ ಅಗ್ಗವೆನಿಸಿದ್ದು ಎಷ್ಟೋ ಸಲ ಅಗ್ಗವಾಗಿರುವುದಿಲ್ಲ.

ಇಬ್ಬರ ಮನೆಗೆ 50 ಗ್ರಾಮಿನ ಸೀಸೆ ಸಾಕು. ಲೋಟಕ್ಕೆ ಎರಡು ಗ್ರಾಮಿನಂತೆ ಇಪ್ಪತ್ತೈದು ಲೋಟ ಕಾಫಿಯಾಗುತ್ತದೆ. ಈ ಪುಡಿ ಗಾಳಿಯ ತೇವವನ್ನು ಬಹು ಬೇಗ ಹೀರಿ ಗಂಟುಕಟ್ಟುತ್ತದೆ. ಮಳೆಗಾಲದಲ್ಲಂತೂ ಒದ್ದೆ ಚಮಚ ಒಮ್ಮೆ ತಾಕಿದರೂ ಸಾಕು. ದೊಡ್ಡ ಸೀಸೆ ತಂದು ಅರ್ಧವನ್ನು ಚೆಲ್ಲುವುದು ಉಳಿತಾಯವಲ್ಲ.

ಮೂರನೆಯದು ಬೀಜ. ಅಂಗಡಿಯಲ್ಲಿ ಎದುರಿಗೇ ಬೀಸಿಸಿಕೊಂಡು ಬರುವ ಪುಡಿಯೂ ಇದೇ ವರ್ಗಕ್ಕೆ ಸೇರಿದ್ದು. ಕಾಫಿ ಬೆಳೆಯುವ ನಾಡಿನಲ್ಲಿರುವ ನಮಗೆ ಇದು ಸುಲಭವಾಗಿ ಸಿಗುತ್ತದೆ. ಅರೇಬಿಕಾ ಬೀಜ ಪರಿಮಳಕ್ಕೆ ಹೆಸರಾದದ್ದು. ಅದರಲ್ಲಿ ಕೆಫೀನ್ ತೂಕದ ಶೇಕಡಾ 1.2ರಷ್ಟಿರುತ್ತದೆ. ರೊಬಸ್ಟಾ ಹೆಚ್ಚು ಕಹಿ, ಹೆಚ್ಚು ಗಡುಸು. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ನಿದ್ದೆಯ ತೊಂದರೆ ಇರುವವರು ‘ಸ್ಟ್ರಾಂಗ್ ಆಗಿರಲಿ’ ಎಂದು ರೊಬಸ್ಟಾವನ್ನು ಹೆಚ್ಚಿಸಿಕೊಳ್ಳುವುದು ಸರಿಯಲ್ಲ.

ಹುರಿದ ಇಡೀ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಮೂರು–ನಾಲ್ಕು ವಾರ ಪರಿಮಳವನ್ನು ಹಿಡಿದಿಡುತ್ತದೆ. ಬೀಸಿದ ಪುಡಿ ಒಂದೆರಡು ವಾರಗಳಲ್ಲೇ ಸಪ್ಪೆಯಾಗುತ್ತದೆ. ಫಿಲ್ಟರಿನಲ್ಲಿ ಲೋಟಕ್ಕೆ ಎಂಟು ಗ್ರಾಂ ಪುಡಿ ಹಾಕುವುದಾದರೆ, ಬೆಳಿಗ್ಗೆ ಎರಡೇ ಲೋಟ ಮಾಡುವ ಮನೆಗೆ 200 ಗ್ರಾಂ ಪುಡಿ ಹನ್ನೆರಡು ದಿನ ಬರುತ್ತದೆ. ಆದ್ದರಿಂದ ಮನೆಯಲ್ಲಿ ಬೀಸುವ ಯಂತ್ರವಿಲ್ಲದವರು ತಿಂಗಳಿಗೊಮ್ಮೆ ಅರ್ಧ ಕಿಲೋ ತರುವುದಕ್ಕಿಂತ ಎರಡು ವಾರಕ್ಕೊಮ್ಮೆ 200 ಗ್ರಾಂ ತರುವುದು ಮೇಲು. ಪುಡಿ ತೀರ ನುಣ್ಣಗಿದ್ದರೆ ಡಿಕಾಕ್ಷನ್ ಇಳಿಯದೆ ನಿಲ್ಲುತ್ತದೆ. ತರಿಯಾಗಿದ್ದರೆ ನೀರು ಸರ್ರನೆ ಇಳಿದು ತೆಳ್ಳಗಾಗುತ್ತದೆ. ‘ಫಿಲ್ಟರಿಗೆ’ ಎಂದು ಹೇಳಿ ಬೀಸಿಸಬೇಕು.

ಚಿಕೋರಿ ಹಾಕಿಲ್ಲವೆಂದು ಕೊಟ್ಟ ಫಿಲ್ಟರ್ ಪುಡಿಯನ್ನು ಪರೀಕ್ಷಿಸುವುದು ಸುಲಭ. ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ, ಕಲಕದೆ ನೋಡಬೇಕು. ಕಾಫಿಪುಡಿ ತೇಲುತ್ತದೆ, ಚಿಕೋರಿ ಕಂದು ಗೆರೆಗಳನ್ನು ಎಳೆಯುತ್ತ ತಳಕ್ಕಿಳಿಯತೊಡಗುತ್ತದೆ. ಇನ್‌ಸ್ಟಂಟ್ ಪುಡಿ ಹೇಗಿದ್ದರೂ ಕರಗುವುದರಿಂದ ಅದಕ್ಕೆ ಈ ಪರೀಕ್ಷೆ ಸಲ್ಲದು.

ಇನ್ನು ಮನೆಯಾಕೆಯ ನಿದ್ದೆಯ ವಿಷಯ. ನಿದ್ದೆಯನ್ನು ತಡೆಯುವುದು ಕಾಫಿಯಲ್ಲಿರುವ ಕೆಫೀನ್. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಶರೀರದಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧಭಾಗ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಎಚ್ಚರವಾಗಿಯೇ ಇರುತ್ತದೆ. ಇಂಥವರಿಗೆ ಒದಗುವುದು ‘ಡಿಕ್ಯಾಫ್’, ಅಂದರೆ ಕೆಫೀನ್ ತೆಗೆದ ಕಾಫಿ.

ಕೆಫೀನನ್ನು ತೆಗೆಯುವುದು ಹುರಿದ ಮೇಲಲ್ಲ, ಬೀಜ ಇನ್ನೂ ಹಸಿರಾಗಿರುವಾಗಲೇ. ಬೀಜವನ್ನು ನೀರು ಅಥವಾ ಹಬೆಯಿಂದ ನೆನೆಸಿ ಉಬ್ಬಿಸಿ, ಕೆಫೀನನ್ನು ಕರಗಿಸಿ ಹೊರತೆಗೆಯುತ್ತಾರೆ. ಕೆಲವರು ಇದಕ್ಕೆ ಈಥೈಲ್ ಅಸಿಟೇಟ್ ಅಥವಾ ಮಿಥಿಲೀನ್ ಕ್ಲೋರೈಡ್ ಎಂಬ ದ್ರಾವಕವನ್ನು ಬಳಸುತ್ತಾರೆ. ಇನ್ನು ಕೆಲವರು ಅತಿ ಒತ್ತಡದ ಇಂಗಾಲದ ಡೈಆಕ್ಸೈಡನ್ನು, ಮತ್ತೆ ಕೆಲವರು ಬರೀ ನೀರು ಮತ್ತು ಇದ್ದಿಲಿನ ಶೋಧಕವನ್ನು ಬಳಸುತ್ತಾರೆ. ಬಳಿಕ ಒಣಗಿಸಿ, ಎಂದಿನಂತೆ ಹುರಿಯುತ್ತಾರೆ. ಆ ದ್ರಾವಕಗಳು ಬೇಗ ಆವಿಯಾಗುವಂಥವು. ಹುರಿದ ಬೀಜದಲ್ಲಿ ಉಳಿಯುವುದು ಅತ್ಯಲ್ಪ. ಅದೂ ಬೇಡವೆನ್ನುವವರು ನೀರಿನ ವಿಧಾನದಿಂದ ತೆಗೆದದ್ದೆಂದು ಪೊಟ್ಟಣದ ಮೇಲೆ ಬರೆದಿರುವುದನ್ನು ಆರಿಸಿಕೊಳ್ಳಬಹುದು.

ಡಿಕ್ಯಾಫ್ ಎಂದರೆ ಕೆಫೀನ್ ಲವಲೇಶವೂ ಇಲ್ಲವೆಂದಲ್ಲ. ಯುರೋಪಿನ ನಿಯಮದಂತೆ ಡಿಕ್ಯಾಫ್ ಇನ್‌ಸ್ಟಂಟ್ ಪುಡಿಯಲ್ಲಿ ಶೇಕಡಾ 0.3ರವರೆಗೆ ಕೆಫೀನ್ ಇರಬಹುದು. ಎರಡು ಗ್ರಾಂ ಪುಡಿಯ ಲೋಟಕ್ಕೆ ಅದು ಹೆಚ್ಚೆಂದರೆ 6 ಮಿಲಿಗ್ರಾಂ. ಚಿಕೋರಿಯಿಲ್ಲದ ಸಾಮಾನ್ಯ ಇನ್‌ಸ್ಟಂಟ್ ಕಾಫಿಯ ಲೋಟದಲ್ಲಿ ಸುಮಾರು 60 ಮಿಲಿಗ್ರಾಂ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ‘53–47’ರ ಬೆರಕೆಯಲ್ಲಿ ಅದು ಮೂವತ್ತರ ಆಸುಪಾಸಿಗೆ ಇಳಿಯುತ್ತದೆ, ಆದರೆ ಅದನ್ನು ಡಿಕ್ಯಾಫ್ ಎಂದು ತಿಳಿಯಬಾರದು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಡಿಕ್ಯಾಫಿನಲ್ಲಿ ತೆಗೆದಿರುವುದು ಕೆಫೀನನ್ನು ಮಾತ್ರ. ಕಾಫಿಯ ಆಮ್ಲಗಳು, ಕಹಿ ಅಂಶಗಳು ಉಳಿದೇ ಇರುತ್ತವೆ. ಎದೆಯುರಿ ಇರುವವರಲ್ಲಿ ಕೆಲವರಿಗೆ ಡಿಕ್ಯಾಫಿನಿಂದ ತುಸು ಹಿತವೆನಿಸಬಹುದು, ಎಲ್ಲರಿಗೂ ಅಲ್ಲ. ಊಟದ ಜೊತೆಗೇ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅದೂ ತಡೆಯುತ್ತದೆ. ಡಿಕ್ಯಾಫ್ ಎಂದು ಬರೆದ ಸಿಹಿ ಪೊಟ್ಟಣದಲ್ಲಿ ಸಕ್ಕರೆಯೇನೂ ಕಡಿಮೆಯಾಗಿರುವುದಿಲ್ಲ.

ಈಗ ಆ ಇಬ್ಬರ ಕಪಾಟನ್ನು ಹೊಸದಾಗಿ ಜೋಡಿಸಬಹುದು. ಬೆಳಿಗ್ಗೆ ಇಬ್ಬರಿಗೂ ಅರೇಬಿಕಾ ಹೆಚ್ಚಿರುವ ಪುಡಿಯ ಫಿಲ್ಟರ್ ಕಾಫಿ. ಯಜಮಾನರ ಲೋಟಕ್ಕೆ ಹಾಲಷ್ಟೇ, ಸಕ್ಕರೆಯಿಲ್ಲ. ಮಧ್ಯಾಹ್ನ ಎರಡರ ನಂತರ ಮನೆಯಾಕೆಗೆ ಕೆಫೀನ್ ಬೇಡ. ಸಂಜೆಗೆ ಡಿಕ್ಯಾಫ್ ಇನ್‌ಸ್ಟಂಟಿನ ಚಿಕ್ಕ ಸೀಸೆ. ಯಜಮಾನರಿಗೆ ಸಂಜೆ ಬೇಕೆನಿಸಿದರೆ ಬರೀ ಇನ್‌ಸ್ಟಂಟ್ ಪುಡಿಯನ್ನು ಬಿಸಿಹಾಲಿಗೆ ಕಲಕಿ ಕೊಟ್ಟರಾಯಿತು. ತ್ರೀ ಇನ್ ಒನ್ ಪೊಟ್ಟಣಗಳು ಅತಿಥಿಗಳಿಗಿರಲಿ. ದಿನಕ್ಕೆ ನಾಲ್ಕೂವರೆ ಚಮಚ ಸಕ್ಕರೆ ತಪ್ಪಿದಾಗ ರಕ್ತದ ಸಕ್ಕರೆ ಇಳಿಯಬಹುದಾದ್ದರಿಂದ, ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ, ಮೊದಲ ವಾರಗಳಲ್ಲಿ ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಮಾತ್ರೆಯನ್ನು ತಾವಾಗಿಯೇ ಕಡಿಮೆ ಮಾಡಲೂಬಾರದು. ಮನೆಯಾಕೆಗೆ ಕಾಫಿಯ ಹೊತ್ತನ್ನು ಬದಲಿಸಿ ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಕಾರಣ ಬೇರೆಡೆ ಇದೆ ಎಂದು ತಿಳಿದು ವೈದ್ಯರನ್ನು ಕಾಣಬೇಕು.