ಜಾಹೀರಾತಿನಲ್ಲಿರುವ ಫೋನ್ ನಂಬರ್ ನಿಮ್ಮ ಬಗ್ಗೆ ಏನೇನು ಹೇಳುತ್ತೆ?

ಆಸ್ಪತ್ರೆ ಒಂದೇ. ಆದರೆ ಪತ್ರಿಕೆಯ ಜಾಹೀರಾತಿನಲ್ಲಿ ಒಂದು ಫೋನ್ ನಂಬರ್, ಫೇಸ್‌ಬುಕ್‌ನಲ್ಲಿ ಇನ್ನೊಂದು, ಗೂಗಲ್ ಮೂಲಕ ವೆಬ್‌ಸೈಟಿಗೆ ಹೋದರೆ ಮತ್ತೊಂದು. ಯಾವುದಕ್ಕೆ ಕರೆ ಮಾಡಿದರೂ ಫೋನ್ ಎತ್ತುವುದು ಅದೇ ರಿಸೆಪ್ಷನ್ನಿನ ಅದೇ ಹುಡುಗಿ. ಆಸ್ಪತ್ರೆಯವರಿಗೆ ಫೋನ್ ಲೈನ್ ಜಾಸ್ತಿ ಇದೆ ಅಂತಲ್ಲ. ನೀವು ಯಾವ ಜಾಹೀರಾತು ನೋಡಿ ಫೋನ್ ಮಾಡಿದಿರಿ ಅನ್ನುವುದು ನೀವು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗಲಿ ಅಂತ.

ಇದಕ್ಕೆ ಕಾಲ್ ಟ್ರ್ಯಾಕಿಂಗ್ ಅನ್ನುತ್ತಾರೆ. ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿದ್ದಾಗ ಇಂಥ ನಂಬರ್‌ಗಳ ವರದಿ ತಯಾರಿಸುವುದು ನನ್ನ ಕೆಲಸವಾಗಿತ್ತು. ನಾವು ನೋಡುವ ಜಾಹೀರಾತಿನ ದುಡ್ಡು ಯಾರಿಗೆ ಹೋಗುತ್ತೆ, ಯಾರಿಗೆ ತಪ್ಪುತ್ತೆ ಅನ್ನುವುದನ್ನು ಈ ವರದಿಗಳು ನಿರ್ಧರಿಸುತ್ತವೆ. ಅದಕ್ಕೇ ಇದರ ಒಳಗು ತಿಳಿದಿರಬೇಕು.

ಉಪಾಯ ಹಳೆಯದು

ನೂರು ವರ್ಷದ ಹಿಂದೆ ಅಮೆರಿಕದ ಕಂಪನಿಗಳು ಪತ್ರಿಕೆಗಳಲ್ಲಿ ಕತ್ತರಿಸಿ ಕಳಿಸುವ ಕೂಪನ್ ಹಾಕುತ್ತಿದ್ದವು. ಒಂದೊಂದು ಪತ್ರಿಕೆಯ ಕೂಪನ್‌ಗೂ ಒಂದೊಂದು ಗುರುತು. ಅಂಚೆಯಲ್ಲಿ ಬಂದ ಕೂಪನ್ ಎಣಿಸಿದರೆ ಯಾವ ಪತ್ರಿಕೆ ಕೆಲಸ ಮಾಡಿತು ಅನ್ನುವುದು ತಿಳಿಯುತ್ತಿತ್ತು. ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಬರೆದ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಪುಸ್ತಕ ನಿಂತಿರುವುದೇ ಈ ಎಣಿಕೆಯ ಮೇಲೆ. ಇವತ್ತು ಕೂಪನ್ ಜಾಗದಲ್ಲಿ ಫೋನ್ ನಂಬರ್ ಇದೆ.

ಪತ್ರಿಕೆ, ಹೋರ್ಡಿಂಗ್, ಬಸ್ಸಿನ ಹಿಂಭಾಗದ ಮಟ್ಟಿಗೆ ಕೆಲಸ ಸರಳ. ಕ್ಲೌಡ್ ಟೆಲಿಫೋನಿ ಕಂಪನಿಯೊಂದರಿಂದ ನಾಲ್ಕಾರು ವರ್ಚುವಲ್ ನಂಬರ್ ಬಾಡಿಗೆಗೆ ತಗೊಂಡು, ಒಂದೊಂದು ಜಾಹೀರಾತಿಗೆ ಒಂದೊಂದನ್ನು ಹಚ್ಚಿಬಿಡುತ್ತಾರೆ. ಈ ನಂಬರಿಗೆ ಸಿಮ್ಮೂ ಇರಲ್ಲ, ಫೋನೂ ಇರಲ್ಲ. ನಿಮ್ಮ ಕರೆ ಮೊದಲು ಆ ಕಂಪನಿಯ ಸರ್ವರಿಗೆ ಹೋಗುತ್ತೆ. ಯಾವ ನಂಬರಿಗೆ ಬಂತು, ಯಾವ ನಂಬರಿಂದ ಬಂತು, ಎಷ್ಟು ಹೊತ್ತಿಗೆ ಅನ್ನುವುದನ್ನು ಸರ್ವರ್ ಬರೆದಿಟ್ಟುಕೊಂಡು, ಆಸ್ಪತ್ರೆಯ ನಿಜವಾದ ಫೋನಿಗೆ ಇನ್ನೊಂದು ಕರೆ ಹಚ್ಚಿ ಎರಡನ್ನೂ ಜೋಡಿಸುತ್ತೆ. ನಿಮಗೆ ಕೇಳುವುದು ಮಾಮೂಲಿ ರಿಂಗ್. ಕೆಲವು ಕಡೆ ಫೋನ್ ಎತ್ತಿದವರ ಕಿವಿಗೆ ಮಾತ್ರ 'ಫೇಸ್‌ಬುಕ್' ಅಂತ ಒಂದು ಪದ ಪಿಸುಗುಟ್ಟಿ, ಆಮೇಲೆ ನಿಮ್ಮನ್ನು ಸೇರಿಸುತ್ತೆ.

ವೆಬ್‌ಸೈಟಿನಲ್ಲಿ ನಂಬರ್ ಬದಲಾಗುವುದು ಹೇಗೆ

ಆನ್‌ಲೈನಿನಲ್ಲಿ ಒಂದು ಜಾಹೀರಾತಿಗೆ ಒಂದು ನಂಬರ್ ಸಾಲದು. ಯಾವ ಪದ ಹುಡುಕಿ ಬಂದಿರಿ ಅನ್ನುವುದೂ ಅವರಿಗೆ ಬೇಕು. ಹಾಗಾಗಿ ಪ್ರತಿ ಭೇಟಿಗೂ ಒಂದು ನಂಬರ್ ಕೊಡುತ್ತಾರೆ. ಜಾಹೀರಾತು ಒತ್ತಿದಾಗ ಮೇಲಿನ ವಿಳಾಸಪಟ್ಟಿಯನ್ನು ಗಮನಿಸಿ, ಸುಮಾರಾಗಿ ಹೀಗಿರುತ್ತೆ:

```
https://example.com/ivf?utm_source=facebook&utm_campaign=mysuru_ivf
```

ಪ್ರಶ್ನಾರ್ಥಕ ಚಿಹ್ನೆಯ ಆಚೆಗಿರುವುದು ನೀವು ಎಲ್ಲಿಂದ ಬಂದಿರಿ ಅನ್ನುವ ಚೀಟಿ. ಗೂಗಲ್ ಜಾಹೀರಾತಾದರೆ `gclid` ಅನ್ನುವ ಹೆಸರಿನ ಮುಂದೆ ಉದ್ದನೆಯ ಅಕ್ಷರಮಾಲೆ ಇರುತ್ತೆ. ಅದು ನಿಮ್ಮ ಆ ಒಂದು ಕ್ಲಿಕ್ಕಿನ ಗುರುತು. ಪುಟ ತೆರೆದ ಕೂಡಲೇ ಒಂದು ಸಣ್ಣ ಸ್ಕ್ರಿಪ್ಟ್ ಈ ಚೀಟಿ ಓದಿ, ತನ್ನ ಬಳಿಯ ನಂಬರ್‌ಗಳ ರಾಶಿಯಿಂದ ಖಾಲಿ ಇರುವ ಒಂದನ್ನು ತೆಗೆದು, ಪುಟದ ಮೂಲ ನಂಬರಿನ ಜಾಗದಲ್ಲಿ ಕೂರಿಸುತ್ತೆ. ನೆಟ್ ನಿಧಾನ ಇದ್ದರೆ ನಂಬರ್ ಬದಲಾಗುವುದು ಕಣ್ಣಿಗೇ ಕಾಣುತ್ತೆ. ನೀವು ಪುಟದಲ್ಲಿ ಇರುವಷ್ಟು ಹೊತ್ತು, ಜೊತೆಗೆ ಸ್ವಲ್ಪ ಕಾಲ, ಆ ನಂಬರ್ ನಿಮ್ಮೊಬ್ಬರದು. ಆ ಅವಧಿಯಲ್ಲಿ ಅದಕ್ಕೆ ಕರೆ ಬಂದರೆ ಅದು ನೀವೇ ಅಂತ ಲೆಕ್ಕ. ನಂಬರ್ ನಿಮ್ಮ ಕೈಬಿಟ್ಟ ಮೇಲೆ ಇನ್ನೊಬ್ಬರ ಪಾಲಾಗುತ್ತೆ.

ಎಡವಟ್ಟು ಆಗುವುದು ಇಲ್ಲೇ. ನಂಬರ್‌ಗೆ ಬಾಡಿಗೆ ಕೊಡಬೇಕಲ್ಲ, ಹಾಗಾಗಿ ರಾಶಿ ಚಿಕ್ಕದಾಗಿಯೇ ಇರುತ್ತೆ. 10 ನಂಬರ್ ಇಟ್ಟುಕೊಂಡು ರಾತ್ರಿ ಒಂಬತ್ತಕ್ಕೆ 25 ಜನ ಒಟ್ಟಿಗೆ ಬಂದರೆ ಒಂದೇ ನಂಬರ್ ಇಬ್ಬರು ಮೂವರಿಗೆ ಹೋಗುತ್ತೆ. ಇನ್ನೂ ದೊಡ್ಡ ತೊಂದರೆ ನಾವು ನಿಜವಾಗಿ ಬದುಕುವ ರೀತಿಯದು. ರಾತ್ರಿ ಇನ್‌ಸ್ಟಾಗ್ರಾಮ್‌ನಲ್ಲಿ ಐವಿಎಫ್ ಜಾಹೀರಾತು ನೋಡಿದ ಹೆಂಡತಿ ನಂಬರ್ ಬರೆದಿಟ್ಟುಕೊಳ್ಳುತ್ತಾಳೆ. ಮನೆಯಲ್ಲಿ ಮಾತಾಗುತ್ತೆ. ಮರುದಿನ ಮಧ್ಯಾಹ್ನ ಗಂಡ ತನ್ನ ಫೋನಿಂದ ಕರೆ ಮಾಡುತ್ತಾನೆ. ಅಷ್ಟರಲ್ಲಿ ಆ ನಂಬರ್ ಗೂಗಲ್‌ನಿಂದ ಬಂದ ಯಾರಿಗೋ ಸಿಕ್ಕಿರುತ್ತೆ. ವರದಿಯಲ್ಲಿ ಕರೆ ಗೂಗಲ್ ಹೆಸರಿಗೆ ಜಮೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ವರದಿಯಲ್ಲಿ ಪುಟ ನೋಡಿದ ಸಮಯವನ್ನೂ ಕರೆ ಬಂದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪುಟ ತೆರೆದು ಎರಡೇ ಸೆಕೆಂಡಿಗೆ ಕರೆ ಬಂದಿದ್ದರೆ ಅದು ಆ ಪುಟ ನೋಡಿದವರ ಕರೆ ಇರಲಿಕ್ಕಿಲ್ಲ.

ದುಡ್ಡು ಯಾರ ಪಾಲಿಗೆ?

ಈಗ ಒಂದು ಲೆಕ್ಕ ಮಾಡೋಣ. ಮೈಸೂರಿನ ಒಂದು ಐವಿಎಫ್ ಕ್ಲಿನಿಕ್ ಅಂತ ಇಟ್ಟುಕೊಳ್ಳಿ. ಅಂಕಿಗಳು ನಾನು ಉದಾಹರಣೆಗೆ ಹಾಕಿದ್ದು. ಒಂದು ತಿಂಗಳಲ್ಲಿ ಸ್ಥಳೀಯ ಪತ್ರಿಕೆಗೆ 50,000 ರೂಪಾಯಿ ಕೊಟ್ಟರು, 25 ಕರೆ ಬಂತು. ಫೇಸ್‌ಬುಕ್‌ಗೆ 60,000, ಬಂದಿದ್ದು 60 ಕರೆ. ಗೂಗಲ್‌ಗೆ 90,000, ಬಂದಿದ್ದು 90 ಕರೆ. ಅಂದರೆ ಪತ್ರಿಕೆಯ ಒಂದು ಕರೆಗೆ 2,000 ರೂಪಾಯಿ, ಉಳಿದೆರಡಕ್ಕೆ ತಲಾ 1,000. ಮೀಟಿಂಗಿನಲ್ಲಿ ಈ ಒಂದು ಸ್ಲೈಡ್ ತೋರಿಸಿದರೆ ಸಾಕು, ಪತ್ರಿಕೆಯ ಜಾಹೀರಾತು ಅವತ್ತೇ ಬಂದ್.

ಆದರೆ ಕರೆ ಮಾಡಿದವರೆಲ್ಲ ಕ್ಲಿನಿಕ್ಕಿಗೆ ಬರುವುದಿಲ್ಲ. ರಿಸೆಪ್ಷನ್ನಿನ ಪುಸ್ತಕ ತೆಗೆದು ನೋಡಿದರೆ ಪತ್ರಿಕೆಯ 25ರಲ್ಲಿ 10 ಜನ, ಫೇಸ್‌ಬುಕ್‌ನ 60ರಲ್ಲಿ 6 ಜನ, ಗೂಗಲ್‌ನ 90ರಲ್ಲಿ 30 ಜನ ಬಂದಿದ್ದಾರೆ ಅನ್ನಿ. ಈಗ ಬಂದವರ ತಲೆಗೆ ಪತ್ರಿಕೆಯದು 5,000, ಫೇಸ್‌ಬುಕ್‌ನದು 10,000, ಗೂಗಲ್‌ನದು 3,000. ಅಗ್ಗ ಅನ್ನಿಸಿದ್ದ ಫೇಸ್‌ಬುಕ್ ಎಲ್ಲಕ್ಕಿಂತ ದುಬಾರಿ ಆಯಿತು. ಇಷ್ಟು ಸ್ಪಷ್ಟವಾಗಿರೋದನ್ನೂ ಬಹಳ ಜನ ನೋಡುವುದಿಲ್ಲ. 60 ಸೆಕೆಂಡು ದಾಟಿದ ಕರೆಯನ್ನೆಲ್ಲ 'ಒಳ್ಳೆ ಕರೆ' ಅಂತ ಎಣಿಸಿ ಸುಮ್ಮನಾಗುತ್ತಾರೆ. ಹೋಲ್ಡ್‌ನಲ್ಲಿ ಹಾಡು ಕೇಳುತ್ತ ಕೂತರೂ 60 ಸೆಕೆಂಡು ಆಗುತ್ತೆ.

ಇನ್ನೊಂದು ಪದರ ಇದೆ. ಗೂಗಲ್‌ನಿಂದ ಬಂದ ಆ 30 ಜನ ಹುಡುಕಿದ್ದೇನು? ಅವರಲ್ಲಿ 12 ಜನ ನೇರವಾಗಿ ಕ್ಲಿನಿಕ್ಕಿನ ಹೆಸರನ್ನೇ ಟೈಪ್ ಮಾಡಿದ್ದಾರೆ ಅಂದುಕೊಳ್ಳಿ. ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ಪತ್ರಿಕೆಯಿಂದಲೋ ನೆಂಟರಿಂದಲೋ ತಿಳಿದು, ನಂಬರಿಗಾಗಿ ಗೂಗಲ್ ತೆರೆದವರು. ಅಷ್ಟೂ ಜನ ಪತ್ರಿಕೆ ಓದಿದವರೇ ಆಗಿದ್ದರೆ ಪತ್ರಿಕೆಯ ಪಾಲು 22 ಆಗಿ, ತಲೆಗೆ ಸುಮಾರು 2,270 ರೂಪಾಯಿಗೆ ಇಳಿಯುತ್ತೆ. ಗೂಗಲ್‌ನ ಪಾಲು 18 ಆಗಿ 5,000ಕ್ಕೆ ಏರುತ್ತೆ. ಲೆಕ್ಕ ಪೂರ್ತಿ ತಲೆಕೆಳಗು! ನಿಜ ಇವೆರಡರ ನಡುವೆ ಎಲ್ಲೋ ಇರುತ್ತೆ. ಎಲ್ಲಿ ಅನ್ನುವುದನ್ನು ಟ್ರ್ಯಾಕಿಂಗ್ ನಂಬರ್ ಹೇಳಲಾರದು. ಡಯಲ್ ಮಾಡುವ ಮುಂಚೆ ನಿಮ್ಮ ಕಣ್ಣೆದುರು ಕೊನೆಗೆ ಯಾವ ನಂಬರ್ ಇತ್ತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಯಾಕೆ ಫೋನ್ ಮಾಡಿದಿರಿ ಅನ್ನುವುದು ಗೊತ್ತಿಲ್ಲ.

ತಿಳಿಯುವ ದಾರಿ ಒಂದಿದೆ. ಒಂದು ತಿಂಗಳು ಮೈಸೂರಿನಲ್ಲಿ ಪತ್ರಿಕೆಯ ಜಾಹೀರಾತು ಹಾಗೇ ಇಟ್ಟು, ಹಾಸನದಲ್ಲಿ ನಿಲ್ಲಿಸಿ ನೋಡಬೇಕು. ಹಾಸನದಲ್ಲಿ ಕ್ಲಿನಿಕ್ಕಿನ ಹೆಸರು ಹುಡುಕುವವರು ಕಡಿಮೆಯಾದರೆ ಆ ಕೆಲಸ ಪತ್ರಿಕೆಯದಾಗಿತ್ತು ಅಂತ ಅರ್ಥ. ಇದಕ್ಕೆ ತಾಳ್ಮೆ ಬೇಕು, ತಿಂಗಳ ಕೊನೆಗೆ ಸ್ಲೈಡ್ ತೋರಿಸಬೇಕಾದವರ ಬಳಿ ಅದು ಇರಲ್ಲ. ಹಾಗಾಗಿ ಜಿಲ್ಲಾ ಪತ್ರಿಕೆಗಳು ಮಾಡಿದ ಕೆಲಸದ ಕೂಲಿ ದೊಡ್ಡ ಪ್ಲಾಟ್‌ಫಾರ್ಮುಗಳ ಖಾತೆಗೆ ಹೋಗುತ್ತೆ. ನಮ್ಮೂರಿನ ಸುದ್ದಿ ಬರೆಯುವವರು ಇಲ್ಲವಾಗುವುದಕ್ಕೆ ಓದುಗರು ಕಡಿಮೆಯಾದದ್ದೊಂದೇ ಕಾರಣ ಅಲ್ಲ, ಹೀಗೆ ಎಣಿಸುವುದೂ ಒಂದು ಕಾರಣ ಅಂತ ನಾನು ಹೇಳುತ್ತೇನೆ.

ನಿಮ್ಮ ಹೆಸರಿನ ಸಾಲು

ಕ್ಲಿನಿಕ್ಕಿನ ಲಾಭನಷ್ಟ ಅವರದು, ನಮಗೇನು ಅನ್ನಬಹುದು. ಆದರೆ ಕರೆ ಮುಗಿದಾಗ ಆ ಸರ್ವರಿನಲ್ಲಿ ಒಂದು ಸಾಲು ಉಳಿದಿರುತ್ತೆ. ಅದರಲ್ಲಿ ನಿಮ್ಮ ಮೊಬೈಲ್ ನಂಬರ್, ನೀವು ಬಂದ ಜಾಹೀರಾತು, ನೋಡಿದ ಪುಟ, ಮಾತಾಡಿದ ಅವಧಿ, ಎಷ್ಟೋ ಸಲ ಮಾತಿನ ರೆಕಾರ್ಡಿಂಗ್ ಕೂಡ ಇರುತ್ತೆ. ಪುಟ ನೋಡುವಾಗ ನೀವು ಅನಾಮಿಕರು, ಫೋನ್ ಮಾಡಿದ ಕ್ಷಣ ನಿಮ್ಮ ನಂಬರಿಗೆ ಅದೆಲ್ಲ ಅಂಟಿಕೊಂಡಿತು.

ಆ ಸಾಲು ಅಲ್ಲೇ ಕೂರುವುದಿಲ್ಲ. 'ಈ ಕ್ಲಿಕ್ಕಿಂದ ಗಿರಾಕಿ ಸಿಕ್ಕಿತು' ಅಂತ ಜಾಹೀರಾತು ಕಂಪನಿಗೆ ವಾಪಸ್ ಹೇಳಲು ಕ್ಲಿಕ್ಕಿನ ಗುರುತನ್ನೋ, ಫೋನ್ ನಂಬರನ್ನು ಹ್ಯಾಶ್ ಮಾಡಿಯೋ ಕಳಿಸುತ್ತಾರೆ. ಹ್ಯಾಶ್ ಅಂದರೆ ನಂಬರನ್ನು ಒಂದು ಸೂತ್ರದಲ್ಲಿ ಅರೆದು ಬೇರೆ ಅಕ್ಷರಮಾಲೆ ಮಾಡುವುದು. ಕೇಳಲು ಸುರಕ್ಷಿತ ಅನ್ನಿಸುತ್ತೆ. ಆದರೆ ಅದೇ ನಂಬರ್ ಕೊಟ್ಟು ನೀವು ಖಾತೆ ತೆರೆದಿದ್ದರೆ, ಆ ಕಂಪನಿಯೂ ಅದನ್ನು ಅದೇ ಸೂತ್ರದಲ್ಲಿ ಅರೆದು ಹೋಲಿಸುತ್ತೆ. ಎರಡೂ ಒಂದೇ ಅಂದಮೇಲೆ ಅದು ನೀವೇ. ಹೋಲಿಸಿ ಗುರುತು ಹಿಡಿಯುವುದಕ್ಕಾಗಿಯೇ ಅದನ್ನು ಕಳಿಸುವುದು.

ರಾಜಕೀಯ ಈ ಪಾಠವನ್ನು ಬೇಗ ಕಲಿತಿದೆ. 2011ರ ಅಣ್ಣಾ ಹಜಾರೆ ಚಳವಳಿ ಬೆಂಬಲ ಎಣಿಸಿದ್ದು ಮಿಸ್ಡ್ ಕಾಲ್‌ನಲ್ಲಿ, ಮುಂದೆ ಬಿಜೆಪಿ ಸದಸ್ಯತ್ವ ಅಭಿಯಾನ ನಡೆಸಿದ್ದೂ ಮಿಸ್ಡ್ ಕಾಲ್‌ನಲ್ಲೇ. ಮಿಸ್ಡ್ ಕಾಲನ್ನೇ ವ್ಯಾಪಾರ ಮಾಡಿಕೊಂಡಿದ್ದ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು ಟ್ವಿಟರ್ 2015ರಲ್ಲಿ ಕೊಂಡುಕೊಂಡಿತು. ಮಿಸ್ಡ್ ಕಾಲ್‌ಗೆ ಕಾಸು ಖರ್ಚಾಗಲ್ಲ, ಆದರೆ ನಿಮ್ಮ ನಂಬರ್ ಅಲ್ಲಿ ಉಳಿಯುತ್ತೆ. ಕ್ಷೇತ್ರಕ್ಕೊಂದು ನಂಬರ್ ಹಂಚಿದರೆ ನಿಮ್ಮ ಕ್ಷೇತ್ರವೂ ಅದರ ಪಕ್ಕದಲ್ಲೇ ಬರೆದಿರುತ್ತೆ.

ಕಾನೂನು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನೀವಾಗಿಯೇ ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿಯನ್ನು ಆ ಉದ್ದೇಶಕ್ಕೆ ಬಳಸಬಹುದು. ಅಪಾಯಿಂಟ್‌ಮೆಂಟ್ ಕೇಳಲು ಫೋನ್ ಮಾಡಿದರೆ ಅಪಾಯಿಂಟ್‌ಮೆಂಟ್ ಕೊಡಲು ನಿಮ್ಮ ನಂಬರ್ ಬಳಸಲಿ, ಸರಿ. ಅದನ್ನು ಜಾಹೀರಾತು ಕಂಪನಿಗೆ ಕಳಿಸುವುದು ಬೇರೆಯೇ ಉದ್ದೇಶ, ಅದಕ್ಕೆ ನಿಮ್ಮನ್ನು ಕೇಳಬೇಕು ಅನ್ನುವುದು ನನ್ನ ವಾದ. 'ಈ ಕರೆಯನ್ನು ತರಬೇತಿಗಾಗಿ ರೆಕಾರ್ಡ್ ಮಾಡಲಾಗುತ್ತಿದೆ' ಅನ್ನುವ ಧ್ವನಿ ಆ ವಿಷಯ ಎತ್ತುವುದೇ ಇಲ್ಲ. ಇನ್ನೊಂದು ಕೊರತೆ ಇದೆ. ಆರೋಗ್ಯದ ಮಾಹಿತಿಯನ್ನು ಈ ಕಾಯ್ದೆ ಪ್ರತ್ಯೇಕವಾಗಿ ಸೂಕ್ಷ್ಮ ಅಂತ ಗುರುತಿಸಿಲ್ಲ. ಐವಿಎಫ್ ಕ್ಲಿನಿಕ್ಕಿಗೆ ಮಾಡಿದ ಕರೆಗೂ ಸೋಫಾ ಅಂಗಡಿಗೆ ಮಾಡಿದ ಕರೆಗೂ ಅದರ ಕಣ್ಣಲ್ಲಿ ವ್ಯತ್ಯಾಸ ಇಲ್ಲ.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಜಾಹೀರಾತು ಒತ್ತಿ ವೆಬ್‌ಸೈಟಿಗೆ ಹೋಗಿ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಬರೀ ವಿಳಾಸ ಟೈಪ್ ಮಾಡಿ ಅದೇ ಪುಟ ತೆರೆಯಿರಿ. ನಂಬರ್ ಬೇರೆ ಇದ್ದರೆ ಟ್ರ್ಯಾಕಿಂಗ್ ಇದೆ ಅಂತಲೇ ತಿಳಿಯಿರಿ. ಸೂಕ್ಷ್ಮ ವಿಷಯಕ್ಕೆ ಫೋನ್ ಮಾಡುವಾಗ ಹಳೆಯ ರಸೀದಿ ಅಥವಾ ವೈದ್ಯರ ಚೀಟಿಯ ಮೇಲಿರುವ ನಂಬರ್ ಬಳಸುವುದು ವಾಸಿ. ಕರೆ ಎತ್ತಿದವರನ್ನು ಒಂದು ಪ್ರಶ್ನೆ ಕೇಳಿ: 'ನನ್ನ ನಂಬರ್ ಬೇರೆ ಯಾರಿಗಾದರೂ ಕಳಿಸ್ತೀರಾ?' ಆ ಹುಡುಗಿಗೆ ಉತ್ತರ ಗೊತ್ತಿರಲಿಕ್ಕಿಲ್ಲ, ಅವಳ ತಪ್ಪೂ ಅಲ್ಲ. ಆದರೆ ಕರೆ ರೆಕಾರ್ಡ್ ಆಗುತ್ತಿದ್ದರೆ ನಿಮ್ಮ ಪ್ರಶ್ನೆಯೂ ಅದರಲ್ಲಿ ಇರುತ್ತೆ.