ಶುಕ್ರವಾರದ ಎರಡು ಗಂಟೆ ಎಲ್ಲಿ ಹೋಯ್ತು?

ನಾನಿರೋದು ಶಿವಮೊಗ್ಗದಲ್ಲಿ, ಕೆಲಸದ ಕರಾರು ಮಾತ್ರ ನ್ಯೂಯಾರ್ಕ್ ಸಮಯದ್ದು. ದಿನಕ್ಕೆ ಎಂಟು ಗಂಟೆ ಮೀರಿದರೆ ಓವರ್‌ಟೈಮ್. ಬೇಸಿಗೆಯಲ್ಲಿ ಅಲ್ಲಿನ ಬೆಳಗಿನ 9 ಅಂದ್ರೆ ನಮಗೆ ಸಂಜೆ 6.30. ಪಾಳಿ ಮುಗಿಯೋದು ನಸುಕಿನ 2.30ಕ್ಕೆ.

ಒಂದು ಶುಕ್ರವಾರ 4.30ರವರೆಗೆ ಕೂತೆ, ಒಟ್ಟು ಹತ್ತು ಗಂಟೆ. ಆದರೂ ಓವರ್‌ಟೈಮ್ ಸೊನ್ನೆ! ಹಾಜರಿ ತಂತ್ರಾಂಶ ನಮ್ಮ ನಡುರಾತ್ರಿಗೆ ದಿನ ಕತ್ತರಿಸಿತ್ತು. ಗುರುವಾರದ ಪಾಳಿಯ ಬಾಲ ಎರಡೂವರೆ ಗಂಟೆ, ಹೊಸ ಪಾಳಿಯದು ಐದೂವರೆ, ಸೇರಿ ಶುಕ್ರವಾರಕ್ಕೆ ಎಂಟೇ. ಉಳಿದ ನಾಲ್ಕೂವರೆ ಶನಿವಾರಕ್ಕೆ ಜಾರಿತ್ತು.

ಅದೇ ಹೊತ್ತುಗಳನ್ನು ನ್ಯೂಯಾರ್ಕ್ ದಿನಾಂಕದಲ್ಲಿ ಬರೆದು ಕಳಿಸಿದೆ; ಎರಡು ಗಂಟೆಯ ದುಡ್ಡು ಬಂತು. ನೆನಪಿಡಿ, ನವೆಂಬರ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಆಮೇಲೆ ಪಾಳಿ ಶುರುವಾಗೋದು ನಮ್ಮ 7.30ಕ್ಕೆ.