ಬಣವಿಗೆ ಹತ್ತಿದ್ದು, ಬಣವಿ ಹತ್ತಿದ್ದು

ಸವದತ್ತಿಯಿಂದ ಎಲ್ಲಮ್ಮನ ಗುಡ್ಡದ ಕಡೆ ಹೊರಟವರಲ್ಲಿ ಯಾರಾದರೂ ಹೀಗೆ ಅನ್ನಬಹುದು: "ಗುಡ್ಡ ಹತ್ತಾಕ ಹತ್ತ ನಿಮಿಷ ಹತ್ತತೈತಿ." ಐದೇ ಪದಗಳ ಈ ಮಾತಿನಲ್ಲಿ 'ಹತ್ತು' ಮೂರು ಸಲ ಬಂದಿದೆ, ಮೂರು ಸಲವೂ ಅರ್ಥ ಬೇರೆ. ಮೊದಲನೆಯದು ಏರುವುದು, ಎರಡನೆಯದು ಸಂಖ್ಯೆ, ಮೂರನೆಯದು 'ಬೇಕಾಗುತ್ತದೆ' ಎಂಬುದು. ಕೇಳಿದವರು ಯಾರೂ ಕ್ಷಣಕಾಲವೂ ತಡವರಿಸುವುದಿಲ್ಲ. ಇದೇ ಮಾತನ್ನು ಒಂದು ಯಂತ್ರಕ್ಕೆ ಕೊಟ್ಟರೆ ಅದು ಯಾವ 'ಹತ್ತು' ಯಾವುದೆಂದು ಹೇಗೆ ಗುರುತಿಸಬೇಕು? ಪದದ ಅರ್ಥ ಆರಿಸುವ ಯಂತ್ರದ ಕೆಲಸವನ್ನು ತಿಳಿಯಲು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಆಡುಮಾತಿಗಿಂತ ಒಳ್ಳೆಯ ಒರೆಗಲ್ಲು ನನಗೆ ಕಂಡಿಲ್ಲ.

ಇಂಗ್ಲಿಷ್ ಕಲಿಯುವ ಮಕ್ಕಳು 'ಟೇಕ್ ಆಫ್' ಎದುರಾದಾಗ ತೊಡಕಿಗೆ ಬೀಳುತ್ತಾರೆ. ವಿಮಾನ ಮೇಲೇಳುವುದಕ್ಕೂ ಅದೇ, ಅಂಗಿ ಕಳಚುವುದಕ್ಕೂ ಅದೇ, ರಜೆ ಹಾಕುವುದಕ್ಕೂ ಅದೇ. ಒಂದು ಸಣ್ಣ ಕ್ರಿಯಾಪದ, ಅದರ ಜೊತೆಗೆ ಒಂದು ಸಣ್ಣ ಪದ; ಎರಡೂ ಕೂಡಿದಾಗ ಹಲವು ಅರ್ಥ. ಆ ಮಕ್ಕಳೇ ಮನೆಯಲ್ಲಿ ಇದಕ್ಕಿಂತ ಜಟಿಲವಾದದ್ದನ್ನು ದಿನವಿಡೀ ಆಡುತ್ತಿರುತ್ತಾರೆ. ಹುಲ್ಲಿಗೆ ಬೆಂಕಿ ಹತ್ತುತ್ತದೆ, ಕೂಸಿಗೆ ನಿದ್ದಿ ಹತ್ತುತ್ತದೆ, ಒಲೆಯ ಮೇಲಿನ ಹಾಲು ತಳ ಹತ್ತುತ್ತದೆ. ಲೆಕ್ಕ ತಲೆಗೆ ಹತ್ತುವುದಿಲ್ಲ. ಉಂಡದ್ದು ಮೈಗೆ ಹತ್ತಲಿಲ್ಲವೆಂದು ಅಜ್ಜಿ ಕೊರಗುತ್ತಾಳೆ. ಮಾತಿಗೆ ಮಾತು ಹತ್ತಿ ಜಗಳವಾಗುತ್ತದೆ.

ಇಷ್ಟೆಲ್ಲಕ್ಕೂ ಬೇರು ಒಂದೇ. ಹಳಗನ್ನಡದಲ್ಲಿ ಈ ಕ್ರಿಯಾಪದ 'ಪತ್ತು' ಎಂದಿತ್ತು. ತಾಗಿ ಅಂಟಿಕೊಳ್ಳುವುದು ಅದರ ಅರ್ಥ. ತಮಿಳಿನ 'ಪಱ್ಱು', ತೆಲುಗಿನ 'ಪಟ್ಟು' ಇದರ ಒಡಹುಟ್ಟುಗಳು. ತೆಲುಗಿನಲ್ಲೂ ನಿದ್ದೆ ಬಂತು ಅನ್ನಲು 'ನಿದ್ರ ಪಟ್ಟಿಂದಿ' ಅನ್ನುತ್ತಾರೆ. ಬೆಂಕಿ ಹುಲ್ಲಿಗೆ ಅಂಟುತ್ತದೆ, ನಿದ್ದೆ ಕಣ್ಣಿಗೆ ಅಂಟುತ್ತದೆ, ಏರುವವನ ಕಾಲು ಗುಡ್ಡಕ್ಕೆ ಅಂಟುತ್ತ ಸಾಗುತ್ತದೆ, ಒಂದು ಕೆಲಸಕ್ಕೆ ಹೊತ್ತೂ ರೊಕ್ಕವೂ ಅಂಟಿಕೊಂಡಿರುತ್ತವೆ. ಸಂಖ್ಯೆಯ ಹತ್ತು ಮಾತ್ರ ಬೇರೆ ವಂಶದ್ದು. ತಮಿಳಿನಲ್ಲಿ ಅದು 'ಪತ್ತು', ಅಂಟುವುದು 'ಪಱ್ಱು', ಎರಡೂ ಇಂದಿಗೂ ಬೇರೆಬೇರೆಯಾಗಿ ಉಳಿದಿವೆ. ಕನ್ನಡದಲ್ಲಿ ಅವುಗಳ ಉಚ್ಚಾರ ಒಂದಾಗಿ, ಮುಂದೆ ಪಕಾರ ಹಕಾರವಾದಾಗ ಎರಡೂ 'ಹತ್ತು' ಆದವು. ಎರೆಹೊಲದ ಹತ್ತಿಯೂ ಬಂದು ಸೇರಿಕೊಂಡರೆ "ಹತ್ತಿ ಗಾಡಿ ಹತ್ತಿ ಬಂದ" ಎಂಬಂಥ ವಾಕ್ಯ ಹುಟ್ಟುತ್ತದೆ.

ಈಗ ಯಂತ್ರದ ವಿಷಯ. ಅಮೆರಿಕದ ಬೆಲ್ ಕಮ್ಯುನಿಕೇಷನ್ಸ್ ರಿಸರ್ಚ್ ಸಂಸ್ಥೆಯಲ್ಲಿದ್ದ ಮೈಕೆಲ್ ಲೆಸ್ಕ್ 1986ರಲ್ಲಿ ಸರಳವಾದೊಂದು ಉಪಾಯ ಹೇಳಿದರು. ನಿಘಂಟಿನಲ್ಲಿ ಒಂದು ಪದಕ್ಕೆ ಕೊಟ್ಟ ಪ್ರತಿ ಅರ್ಥದ ವಿವರಣೆಯನ್ನೂ ತೆಗೆದುಕೊಳ್ಳಿ. ವಾಕ್ಯದಲ್ಲಿ ಅದರ ಅಕ್ಕಪಕ್ಕ ಇರುವ ಪದಗಳ ವಿವರಣೆಗಳನ್ನೂ ತೆಗೆದುಕೊಳ್ಳಿ. ಯಾವ ಅರ್ಥದ ವಿವರಣೆ ನೆರೆಯವುಗಳ ಜೊತೆ ಹೆಚ್ಚು ಪದಗಳನ್ನು ಹಂಚಿಕೊಳ್ಳುತ್ತದೆಯೋ ಅದೇ ಸರಿಯಾದ ಅರ್ಥ. ಯಂತ್ರಕ್ಕೆ ಭಾಷೆ ಗೊತ್ತಿರಬೇಕಿಲ್ಲ, ಎಣಿಸಲು ಬಂದರೆ ಸಾಕು. ಸಣ್ಣ ಮಾದರಿಗಳ ಮೇಲೆ ನೋಡಿದಾಗ ಶೇ 50ರಿಂದ 70ರಷ್ಟು ಸಲ ಉತ್ತರ ಸರಿಯಾಗಿ ಬಂತೆಂದು ಲೆಸ್ಕ್ ಬರೆದರು. ಬರೀ ಎಣಿಕೆಗೆ ಇದು ಕಡಿಮೆ ಸಾಧನೆಯಲ್ಲ.

ನಮ್ಮ ಪದದ ಮೇಲೆ ಇದನ್ನು ನಡೆಸಿ ನೋಡೋಣ. ನಮ್ಮ ಪುಟ್ಟ ನಿಘಂಟಿನಲ್ಲಿ 'ಹತ್ತು' ಪದಕ್ಕೆ ಎರಡೇ ಅರ್ಥ ಇವೆಯೆಂದು ಇಟ್ಟುಕೊಳ್ಳಿ. ಒಂದು: ಎತ್ತರದ ಜಾಗಕ್ಕೆ ಏರು. ಇನ್ನೊಂದು: ಬೆಂಕಿ, ಉರಿ, ದೀಪ ತಾಗಿ ಹೊತ್ತಿಕೊಳ್ಳು. ಲೆಕ್ಕ ಸರಳವಾಗಲೆಂದು ನೆರೆಪದಗಳ ವಿವರಣೆಗಳ ಬದಲು ಆ ಪದಗಳನ್ನೇ ಹೋಲಿಸೋಣ. ವಾಕ್ಯ ಇದು: "ಬಣವಿಗೆ ಬೆಂಕಿ ಹತ್ತಿತು." ಎರಡನೆಯ ವಿವರಣೆಯಲ್ಲಿ 'ಬೆಂಕಿ' ಇದೆ, ಮೊದಲನೆಯದರಲ್ಲಿ ಇಲ್ಲ. ಯಂತ್ರ ಎರಡನೆಯದನ್ನು ಆರಿಸುತ್ತದೆ, ಸರಿಯಾಯಿತು. ಈಗ ಇನ್ನೊಂದು ವಾಕ್ಯ: "ಬಣವಿ ಹತ್ತಿದ ಹುಡುಗ ದೂರದ ಬೆಂಕಿ ಕಂಡು ಚೀರಿದ." ಇಲ್ಲಿಯೂ ಬೆಂಕಿ ಇದೆ. ಎಣಿಕೆ ಮತ್ತೆ ಎರಡನೆಯ ಅರ್ಥಕ್ಕೇ ಹೋಗುತ್ತದೆ, ಹುಡುಗ ಏರಿದ್ದ ಬಣವಿ ಯಂತ್ರದ ಲೆಕ್ಕದಲ್ಲಿ ಉರಿದೇಹೋಗುತ್ತದೆ. ನೆರೆಯಲ್ಲಿ ಏನಿದೆ ಎಂಬುದನ್ನಷ್ಟೇ ಈ ಯಂತ್ರ ನೋಡಿತು. ಆ ನೆರೆಗೂ ಕ್ರಿಯಾಪದಕ್ಕೂ ಇರುವ ಸಂಬಂಧವೇನು ಎಂದು ನೋಡಲಿಲ್ಲ.

ಆ ಸಂಬಂಧವನ್ನು ಕನ್ನಡ ಪದದ ತುದಿಯಲ್ಲಿ ಇಟ್ಟಿರುತ್ತದೆ. ಏರಿದಾಗ 'ಬಣವಿ ಹತ್ತಿದ'; ಅಂಟಿದಾಗ 'ಬಣವಿಗೆ ಹತ್ತಿತು'. ಅಂಟುವ ಅರ್ಥಕ್ಕೆ ಎಲ್ಲಿಗೆ ಅಂಟಿತು ಎಂದು ಹೇಳುವ 'ಗೆ' ಹೆಚ್ಚಾಗಿ ಬೇಕು. ಏರುವ ಅರ್ಥದಲ್ಲಿ ಏರಿದ ಜಾಗ ಸಾಮಾನ್ಯವಾಗಿ ಬೋಳಾಗಿ ಬರುತ್ತದೆ: ಗುಡ್ಡ ಹತ್ತಿದ, ಬಸ್ ಹತ್ತಿದ. ಎರಡನೆಯ ಸುಳಿವು ಕ್ರಿಯಾಪದದ ಕೊನೆಯಲ್ಲೇ ಇದೆ. 'ಹತ್ತಿದ', 'ಹತ್ತಿದಳು' ಎಂದರೆ ಕೆಲಸ ಮಾಡಿದ್ದು ಮನುಷ್ಯ, ಹೀಗಾಗಿ ಏರುವುದೇ ಇರಬೇಕೆಂದು ಬಹಳ ಮಟ್ಟಿಗೆ ಊಹಿಸಬಹುದು. 'ಹತ್ತಿತು' ಎಂದರೆ ಬೆಂಕಿ, ಕೆಸರು, ನಿದ್ದೆ ಇಂಥವು ಇರಬಹುದು. ಬೆಕ್ಕೋ ಕೂಸೋ ಆದರೆ ಮಾತ್ರ ಏರುವುದೂ ಇರಬಹುದು. ಇವೆರಡನ್ನು ಕಲಿಸಿದರೆ ಯಂತ್ರದ ಎಷ್ಟೋ ತಪ್ಪು ತಪ್ಪುತ್ತದೆ.

ಆದರೂ ನಾನು ಕೊಟ್ಟ ಎರಡನೆಯ ವಾಕ್ಯದಲ್ಲಿ ಒಂದು ತೊಡಕಿದೆ. 'ಹತ್ತಿದ ಹುಡುಗ' ಎಂಬಲ್ಲಿ 'ಹತ್ತಿದ' ಎನ್ನುವುದು ಗಂಡು, ಹೆಣ್ಣು, ಬೆಂಕಿ ಎಲ್ಲಕ್ಕೂ ಒಂದೇ ರೂಪ. 'ಬಣವಿ ಹತ್ತಿದ ಹುಡುಗ', 'ಬೆಂಕಿ ಹತ್ತಿದ ಬಣವಿ' ಇವೆರಡರ ಮೈಕಟ್ಟಿನಲ್ಲಿ ವ್ಯತ್ಯಾಸವೇ ಇಲ್ಲ. ಇಲ್ಲಿ 'ಗೆ' ಕೂಡ ಕಾಣೆಯಾಗಿದೆ. ಹುಡುಗ ಏರಬಲ್ಲ, ಬಣವಿ ಏರಲಾರದು, ಬೆಂಕಿ ಅಂಟಬಲ್ಲದು ಎಂಬ ಲೋಕಜ್ಞಾನ ಒಂದೇ ಇಲ್ಲಿ ಆಸರೆ. ವ್ಯಾಕರಣ ಕೈಬಿಟ್ಟ ಇಂಥ ಜಾಗಗಳಲ್ಲೇ ಯಂತ್ರ ಹೆಚ್ಚು ಎಡವುತ್ತದೆ, ಅದರ ತಪ್ಪುಗಳನ್ನು ಹುಡುಕುವವರು ಮೊದಲು ನೋಡಬೇಕಾದ್ದೂ ಇವನ್ನೇ.

ಇನ್ನು ಈ ಸೀಮೆಯ ಮಾತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಹತ್ತು'. ಅದು ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತದ್ದು. "ಮಳಿ ಬರಾಕ ಹತ್ತೇತಿ" ಎಂದರೆ ಮಳೆ ಬರುತ್ತಿದೆ. 'ಹತ್ತೇತಿ' ಬಿಡಿಸಿದರೆ 'ಹತ್ತಿ ಐತಿ': ಮಳೆ ಬರುವ ಕೆಲಸಕ್ಕೆ ಅಂಟಿಕೊಂಡಿದೆ, ಇನ್ನೂ ಬಿಟ್ಟಿಲ್ಲ. ಅದನ್ನೇ "ಬರಾಕ ಹತ್ತಿತು" ಎಂದರೆ ಈಗಷ್ಟೇ ಶುರುವಾಯಿತು ಎಂದಾಗುತ್ತದೆ. ಬರಹದ ಕನ್ನಡದಲ್ಲಿ 'ಅಳಹತ್ತಿದಳು' ಎಂಬ ರೂಪದಲ್ಲಿ ಈ ಶುರುವಿನ ಅರ್ಥ ಎಲ್ಲ ಕಡೆಯ ಓದುಗರಿಗೂ ಪರಿಚಿತ. ನಡೆಯುತ್ತಲೇ ಇರುವ ಅರ್ಥ ಮಾತ್ರ ಉತ್ತರ ಕರ್ನಾಟಕದ ಸ್ವತ್ತು. ಮೈಸೂರಿನ ಕಡೆಯವರು ಅಲ್ಲಿ 'ಬರ್ತಾ ಇದೆ' ಅನ್ನುತ್ತಾರೆ. ಪುಸ್ತಕದ ಕನ್ನಡವನ್ನಷ್ಟೇ ಉಣಿಸಿ ಬೆಳೆಸಿದ ಯಂತ್ರ ಇಲ್ಲಿ ಮುಗ್ಗರಿಸುವುದು ಸಹಜ.

ಈ 'ಹತ್ತು' ಅನ್ನು ಗುರುತಿಸಲು ಭರವಸೆಯ ಗುರುತು ಒಂದಿದೆ, ನನಗೆ ಅತ್ಯಂತ ಇಷ್ಟವಾದದ್ದೂ ಅದೇ. "ಹೋಗಾಕ ಹತ್ತ್ಯಾನ" ಎಂಬಲ್ಲಿ 'ಹೋಗಾಕ', 'ಹತ್ತ್ಯಾನ' ಇವೆರಡರ ನಡುವೆ ಏನೂ ಇಲ್ಲ. "ಹೋಗಾಕ ಎರಡ ತಾಸ ಹತ್ತತೈತಿ" ಎಂಬಲ್ಲಿ ನಡುವೆ ಒಂದು ಅಳತೆ ಬಂದು ಕೂತಿದೆ, ಹಾಗಾಗಿ ಇದು 'ಬೇಕಾಗುತ್ತದೆ' ಎಂಬ ಅರ್ಥ. ನಡುವೆ ಏನೂ ಇಲ್ಲದೆ ಒತ್ತಿ ನಿಂತದ್ದರಿಂದಲೇ ಮೊದಲನೆಯದರಲ್ಲಿ ಹಕಾರ ಕರಗಿ 'ಹೋಗಾಕತ್ತ್ಯಾನ' ಆಗುತ್ತದೆ, ಮಳೆ 'ಬರಾಕತ್ತೇತಿ' ಆಗುತ್ತದೆ. ಸ್ವತಂತ್ರವಾಗಿ ಏರುವ ಅರ್ಥ ಹೊತ್ತ 'ಹತ್ತು' ಹೀಗೆ ಕರಗುವುದಿಲ್ಲ. ಜನ ಗುಡ್ಡ ಏರುತ್ತಿದ್ದಾರೆ ಅನ್ನಲು "ಗುಡ್ಡ ಹತ್ತಾಕತ್ತ್ಯಾರ" ಅನ್ನುತ್ತಾರೆ. ಏರುವ 'ಹತ್ತು' ತನ್ನ ಹಕಾರ ಉಳಿಸಿಕೊಂಡಿದೆ, ಅದರ ಬೆನ್ನಿಗೆ ಬಂದ ಸಹಾಯಕ 'ಹತ್ತು' ಕಳೆದುಕೊಂಡಿದೆ. ತನ್ನ ಅರ್ಥ ತೆಳುವಾಗಿ ವ್ಯಾಕರಣದ ಕೆಲಸಕ್ಕೆ ನಿಂತ ಪದ ಸದ್ದಿನಲ್ಲೂ ಸವೆಯುತ್ತದೆ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದು ಕಂಡಿದೆ.

ಹಾಗಾದರೆ ಕೇಳುವ ಮನುಷ್ಯನ ತಲೆಯೊಳಗೆ ಆಗುವುದೇನು? ಸರಿಯಾದ ಅರ್ಥ ಒಂದೇ ಹೊಳೆಯುತ್ತದೆಯೋ, ಎಲ್ಲವೂ ಹೊಳೆದು ಬೇಡದವು ಉದುರುತ್ತವೆಯೋ? 1979ರಲ್ಲಿ ಅಮೆರಿಕದ ಮನೋಭಾಷಾವಿಜ್ಞಾನಿ ಡೇವಿಡ್ ಸ್ವಿನ್ನಿ ಇದನ್ನು ಜಾಣತನದಿಂದ ಪರೀಕ್ಷಿಸಿದರು. ಇಂಗ್ಲಿಷಿನ 'ಬಗ್' ಎಂದರೆ ಹುಳುವೂ ಹೌದು, ಕದ್ದು ಕೇಳುವ ಸಾಧನವೂ ಹೌದು. ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ, ಮತ್ತಿತರ 'ಬಗ್'ಗಳು ಕಂಡವು ಎಂಬಂಥ ವಾಕ್ಯವನ್ನು ಕಿವಿಗೆ ಕೇಳಿಸುತ್ತ, ಆ ಪದ ಮುಗಿದ ಗಳಿಗೆಯಲ್ಲೇ ಪರದೆಯ ಮೇಲೆ ಅಕ್ಷರಗಳನ್ನು ತೋರಿಸಿ, ಇದು ನಿಜವಾದ ಪದವೇ ಎಂದು ಬೇಗ ತೀರ್ಮಾನಿಸಲು ಹೇಳಿದರು. 'ಇರುವೆ' ಎಂಬ ಪದಕ್ಕೂ 'ಗೂಢಚಾರ' ಎಂಬ ಪದಕ್ಕೂ ಜನ ಸಂಬಂಧವಿಲ್ಲದ ಪದಕ್ಕಿಂತ ಬೇಗ ಉತ್ತರಿಸಿದರು. ಜೇಡ, ಜಿರಲೆ ಮೊದಲೇ ದಾರಿ ತೋರಿಸಿದ್ದರೂ ಗೂಢಚಾರ ಎಚ್ಚರಗೊಂಡಿದ್ದ. ಅದೇ ಪರೀಕ್ಷೆಯನ್ನು ಮೂರು ಉಚ್ಚಾರಾಂಶಗಳಷ್ಟು ತಡವಾಗಿ ಮಾಡಿದಾಗ ಇರುವೆಯ ಲಾಭ ಮಾತ್ರ ಉಳಿದಿತ್ತು. ಅಂದರೆ ಎರಡೂ ಅರ್ಥ ಎದ್ದು, ಹೊಂದದ್ದು ಮರುಗಳಿಗೆಯಲ್ಲೇ ಮಲಗಿತ್ತು. ನಂತರದ ಪ್ರಯೋಗಗಳು ಇದಕ್ಕೆ ತಿದ್ದುಪಡಿ ತಂದವು: ಹೆಚ್ಚು ಬಳಕೆಯ ಅರ್ಥ ಮೊದಲೇ ಮುಂದಿರುತ್ತದೆ, ಹಿಂದಿನ ಮಾತು ಬಲವಾಗಿದ್ದರೆ ಇನ್ನೊಂದು ಏಳುವುದು ಕಡಿಮೆ.

ಸಂದರ್ಭ ಸಿಗದೆ ಹೋದರೆ ಮನುಷ್ಯನೂ ಯಂತ್ರದ ಪಾಡಿಗೇ ಬೀಳುತ್ತಾನೆ. ಅದಕ್ಕೆ ಉದಾಹರಣೆ "ಕೂಸು ಅಪ್ಪನ ಬೆನ್ನ ಹತ್ತೇತಿ." ಆಟವಾಡುತ್ತ ಬೆನ್ನ ಮೇಲೇರಿ ಕೂತ ಕೂಸಿಗೂ ಇದೇ ಮಾತು, ಅಪ್ಪ ಸಂತೆಗೆ ಹೊರಟಾಗ ನಾನೂ ಬರ್ತೀನಿ ಎಂದು ಅಳುತ್ತ ಹಿಂದೆ ಓಡುವ ಕೂಸಿಗೂ ಇದೇ ಮಾತು. ಅಪ್ಪನ ಬದಲು ಕೆಲಸ ಬಂದು "ಕೆಲಸದ ಬೆನ್ನ ಹತ್ತ್ಯಾನ" ಎಂದರೆ ಏರುವ ಅರ್ಥ ತಾನೇ ಹೋಗುತ್ತದೆ, ಕೆಲಸಕ್ಕೆ ಏರಲು ಬೆನ್ನಿಲ್ಲ. ಅಪ್ಪನಿಗೆ ಮಾತ್ರ ಬೆನ್ನೂ ಇದೆ, ಹೊರಡುವ ಕಾಲೂ ಇದೆ. ಇಲ್ಲಿ ವಿಭಕ್ತಿಯಾಗಲಿ, ಕ್ರಿಯಾಪದದ ತುದಿಯಾಗಲಿ, ಲೋಕಜ್ಞಾನವಾಗಲಿ ಏನನ್ನೂ ತೀರ್ಮಾನಿಸಲಾರವು. ಹಿಂದಿನ ಅಥವಾ ಮುಂದಿನ ವಾಕ್ಯ ಬೇಕು. ಫೋನಿನಲ್ಲಿ ಈ ಒಂದೇ ಮಾತು ಕೇಳಿದ ಅಜ್ಜಿ "ಎಲ್ಲಿಗೆ ಹೊಂಟಾನ?" ಎಂದು ಕೇಳಿದರೆ ಅವಳು ಎರಡನೆಯ ಅರ್ಥ ಹಿಡಿದಿದ್ದಾಳೆಂದು ಗೊತ್ತಾಗುತ್ತದೆ. "ಎಲ್ಲಿಗೂ ಇಲ್ಲಬೇ, ಆಡಾಕತ್ತ್ಯಾರ" ಎಂಬ ಉತ್ತರ ಬಂದಾಗ ಅವಳು ಅದನ್ನು ಬಿಟ್ಟು ಮೊದಲನೆಯದಕ್ಕೆ ಬರುತ್ತಾಳೆ.